ಒಂದೇ ಚುಕ್ಕೆ, ಹಲವು ಓದು

ಕೆಲವು ವರ್ಷಗಳ ಹಿಂದೆ ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಆಟೊ ಮೈಕಿನಲ್ಲಿ ಕೇಳಿಸಲು ರೈತರಿಗಾಗಿ ಒಂದು ಪ್ರಕಟಣೆ ಬರೆದುಕೊಟ್ಟಿದ್ದೆ. ಉದಾಹರಣೆಗೆಂದು ಅದರಲ್ಲಿ ‘2.20 ಎಕರೆ ಜಮೀನಿದ್ದರೆ’ ಎಂದು ಹಾಕಿದ್ದೆ. ದನಿ ಕೊಟ್ಟ ಹುಡುಗ ಹಾಳೆಯಲ್ಲಿ ಇದ್ದದ್ದನ್ನೇ ಓದಿದ: ‘ಎರಡು ಪಾಯಿಂಟ್ ಇಪ್ಪತ್ತು ಎಕರೆ’. ಕೇಳಿದ ಹಿರಿಯರೊಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು. ‘ಪಾಯಿಂಟ್ ಇಪ್ಪತ್ತಂದ್ರ ಎಂಟು ಗುಂಟೆ ಆತಲ್ರಿ ಸರ. ಉಳಿದ ಹನ್ನೆರಡು ಎಲ್ಲಿ ಹೋದುವು?’

ಅವರ ಲೆಕ್ಕ ಸರಿಯಾಗಿತ್ತು. ಎಕರೆಗೆ 40 ಗುಂಟೆ. ಪಹಣಿಯ ರೂಢಿಯಲ್ಲಿ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅದನ್ನೇ ದಶಮಾಂಶವಾಗಿ ಓದಿದರೆ ಎರಡು ಎಕರೆ ಎಂಟು ಗುಂಟೆ. ತಪ್ಪು ಓದಿದವನದಲ್ಲ, ಬರೆದ ನನ್ನದು. ಕಣ್ಣಿಗೆ ಸಾಕಾಗುವಷ್ಟನ್ನು ಬರೆದು, ಬಾಯಿಗೆ ಬೇಕಾದದ್ದನ್ನು ಬಿಟ್ಟಿದ್ದೆ.

ಚುಕ್ಕೆ ಒಂದೇ, ಅದನ್ನು ಓದುವ ರೀತಿ ಜಾಗಕ್ಕೊಂದು. ‘ಮ. 2.30ಕ್ಕೆ’ ಎಂಬುದು ಮಧ್ಯಾಹ್ನ ಎರಡೂವರೆಗೆ. ‘1.25 ಲಕ್ಷ ಕ್ಯುಸೆಕ್’ ಎಂಬುದು ಒಂದೂಕಾಲು ಲಕ್ಷ. ತುಂಗಭದ್ರಾ ಜಲಾಶಯದ ಸಾಮರ್ಥ್ಯವೆಂದು ಪತ್ರಿಕೆಗಳಲ್ಲಿ ಬರುವ 105.788 ಟಿಎಂಸಿಯನ್ನು ಮಾತ್ರ ‘ನೂರಾ ಐದು ಪಾಯಿಂಟ್ ಏಳು ಎಂಟು ಎಂಟು’ ಎಂದೇ ಓದಬೇಕು. ಇನ್ನು ‘ತಾ. 15ರೊಳಗೆ ತಾ. ಕಚೇರಿಗೆ’ ಎಂದಿದ್ದರೆ ಮೊದಲ ‘ತಾ.’ ತಾರೀಖು, ಎರಡನೆಯದು ತಾಲ್ಲೂಕು. ಹಾಳೆಯ ಮೇಲೆ ಇದು ಗೊತ್ತಾಗುತ್ತದೆ. ಓದುವವನಿಗೆ ಗೊತ್ತಾಗುವಷ್ಟರಲ್ಲಿ ನಾಲಿಗೆ ತಡವರಿಸಿರುತ್ತದೆ.

ಹಾಗೆಂದು ಎಲ್ಲ ಸಂಕ್ಷೇಪವನ್ನೂ ಬಿಡಿಸಬೇಕಿಲ್ಲ. ಎಪಿಎಂಸಿಯನ್ನು ನಮ್ಮ ಜನ ಎಪಿಎಂಸಿ ಎಂದೇ ಕರೆಯುತ್ತಾರೆ, ಅದು ಹಾಗೇ ಇರಲಿ. ‘ಗ್ರಾ.ಪಂ.’ ಎಂದು ಯಾರೂ ಬಾಯಲ್ಲಿ ಹೇಳುವುದಿಲ್ಲ, ಅದನ್ನು ಪೂರ್ತಿ ಬರೆಯಬೇಕು.

ಹಣದ ಮೊತ್ತದ ತೊಡಕು ಇನ್ನೂ ಸೂಕ್ಷ್ಮ. 2025-26ರ ಸಾಲಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಭತ್ತದ ಬೆಂಬಲ ಬೆಲೆಯನ್ನೇ ತೆಗೆದುಕೊಳ್ಳಿ. ಗಂಗಾವತಿಯ ರೈತರಿಗೆ ಹೇಳಬೇಕಾದ ಮಾತು ಅಚ್ಚಿನಲ್ಲಿ ಹೀಗಿರುತ್ತದೆ: ‘ಕ್ವಿಂ.ಗೆ ₹2,369ರಂತೆ’. ಗುರುತು ಅಂಕಿಯ ಮುಂದಿದೆ, ಬಾಯಲ್ಲಿ ರೂಪಾಯಿ ಬರುವುದು ಅಂಕಿಯ ನಂತರ. ಜೊತೆಗೆ ‘ರಂತೆ’ ಎಂಬ ಬಾಲ ಒಂಬತ್ತಕ್ಕೆ ಅಂಟಿಕೊಂಡಿದೆ. ಓದುವವನು ‘ಅರವತ್ತೊಂಬತ್ತರಂತೆ’ ಎಂದುಬಿಡುತ್ತಾನೆ, ಆಮೇಲೆ ರೂಪಾಯಿಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಉಸಿರು ಕಟ್ಟುತ್ತಾನೆ. ಆದ್ದರಿಂದ ಬರೆಯುವಾಗಲೇ ‘ಕ್ವಿಂಟಲ್‌ಗೆ ಎರಡು ಸಾವಿರದ ಮುನ್ನೂರ ಅರವತ್ತೊಂಬತ್ತು ರೂಪಾಯಿಯಂತೆ’ ಎಂದು ಬಿಡಿಸಿಡಬೇಕು. ಅಂಕಿಯನ್ನು ಅಕ್ಷರ ಮಾಡಿದರೆ ಸಾಲದು, ವಿಭಕ್ತಿಯ ಬಾಲವನ್ನೂ ಕಿತ್ತು ರೂಪಾಯಿಗೆ ಹಚ್ಚಬೇಕು. ಕನ್ನಡದಲ್ಲಿ ಓದಿ ಹೇಳುವ ಹಾಳೆ ಬರೆಯುವವರು ಹೆಚ್ಚಾಗಿ ಮರೆಯುವುದು ಇದನ್ನೇ.

ಹೀಗೆ ಬಿಡಿಸಿ ಬರೆದರೆ ಇನ್ನೊಂದು ಲಾಭವೂ ಇದೆ: ಓದಲು ಎಷ್ಟು ಹೊತ್ತು ಬೇಕೆಂಬುದು ಬರೆಯುವಾಗಲೇ ಗೊತ್ತಾಗುತ್ತದೆ. ನಾಲ್ಕೇ ಅಂಕಿಯ 2,369 ಬಾಯಲ್ಲಿ ಹದಿನಾರು ಅಕ್ಷರವಾಗುತ್ತದೆ. ಅಂಕಿ ಇಟ್ಟು ಸಾಲು ಎಣಿಸಿದರೆ ಅರ್ಧ ನಿಮಿಷದ ಪ್ರಕಟಣೆ ಎಂದುಕೊಂಡದ್ದು ಅದನ್ನು ದಾಟಿಹೋಗುತ್ತದೆ. ಕೊನೆಗೆ ಓದುವವನು ಓಡುತ್ತಾನೆ, ಓಡಿದಾಗ ಮೊದಲು ಕೆಡುವುದೂ ಸಂಖ್ಯೆಯೇ.

ಎ ಗ್ರೇಡ್ ಭತ್ತಕ್ಕೆ ಅದೇ ಸಾಲಿನಲ್ಲಿ 2,389 ರೂಪಾಯಿ. ಅರವತ್ತೊಂಬತ್ತು, ಎಂಬತ್ತೊಂಬತ್ತು: ಬೇರೆಯಾಗಿರುವುದು ಪದದ ತಲೆ ಮಾತ್ರ, ಉಳಿದದ್ದೆಲ್ಲ ಒಂದೇ. ಮುಂದೆ ಸಾಗುತ್ತಿರುವ ಆಟೊದಿಂದ ಬರುವ ದನಿಯಲ್ಲಿ, ಸಂತೆಯ ಗದ್ದಲದ ನಡುವೆ, ಆ ತಲೆಯೇ ಕಿವಿಗೆ ಬೀಳದೆ ಹೋಗಬಹುದು. ಹೀಗಾಗಿ ಎರಡನೆಯ ಮೊತ್ತವನ್ನು ಹೇಳಿದ ಮೇಲೆ ‘ಅಂದರೆ ಇಪ್ಪತ್ತು ರೂಪಾಯಿ ಹೆಚ್ಚು’ ಎಂದು ಸೇರಿಸುತ್ತೇನೆ. ಮೊದಲನೆಯದನ್ನು ಹಿಡಿದವರು ಎರಡನೆಯದನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಈಗ ಹಾಳೆ ಮುಗಿದ ಮೇಲೆ ನಾನು ಅದನ್ನು ಓದುವುದಿಲ್ಲ. ಬರೆದವನಿಗೆ ಎಲ್ಲವೂ ಗೊತ್ತಿರುವುದರಿಂದ ನಾಲಿಗೆ ಎಲ್ಲಿಯೂ ಎಡವುವುದಿಲ್ಲ. ವಿಷಯ ತಿಳಿಯದ ಯಾರಿಗಾದರೂ ಕೊಟ್ಟು, ಹಾಳೆ ನೋಡದೆ ಕೇಳುತ್ತೇನೆ. ಸಂಖ್ಯೆ ಬರುವ ಮುಂಚೆ ದನಿ ಸ್ವಲ್ಪ ಇಳಿದರೆ, ಒಂದು ಚಿಕ್ಕ ‘ಆಂ’ ಬಂದರೆ, ಅಲ್ಲಿ ಇನ್ನೂ ಒಂದು ಅಂಕಿ ಬಿಡಿಸದೆ ಉಳಿದಿದೆ ಎಂದು ಅರ್ಥ. ಹೊಳೆಗೆ ನೀರು ಬಿಡುವಾಗ ಆನೆಗೊಂದಿಯ ದಂಡೆಯಲ್ಲಿ ಕೂಗಿ ಹೇಳಬೇಕಾದ ಹಾಳೆಯಾದರೆ ಇಬ್ಬರಿಂದ ಓದಿಸುತ್ತೇನೆ.