ಕರುಳಬಳ್ಳಿಯ ರಕ್ತ ಯಾರದು?

ಮುಂಬೈ, ಪುಣೆ, ಹೈದರಾಬಾದಿನಂಥ ಊರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಆರೇಳು ತಿಂಗಳ ಗರ್ಭಿಣಿಯ ಫೈಲಿಗೆ ಸ್ಕ್ಯಾನ್ ರಿಪೋರ್ಟಿನ ಜೊತೆ ಒಂದು ಬಣ್ಣದ ಕರಪತ್ರವೂ ಬಂದು ಸೇರುವುದುಂಟು. ಹೆರಿಗೆಯಾದ ಮೇಲೆ ಹೊಕ್ಕುಳಬಳ್ಳಿಯಲ್ಲೂ ಮಾಸಿನಲ್ಲೂ ಉಳಿಯುವ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಕಾಪಿಡಿ ಎನ್ನುತ್ತದೆ ಅದು. ಖರ್ಚು ಅರ್ಧ ಲಕ್ಷದ ಆಸುಪಾಸಿನಿಂದ ಲಕ್ಷ ದಾಟುವವರೆಗೂ ಇದೆ, ಕಂತಿನ ಸೌಲಭ್ಯವೂ ಉಂಟು. ಎಂಬತ್ತು ಕಾಯಿಲೆಗಳಿಗೆ ಮದ್ದು, ಮಗುವಿಗೆ ಜೈವಿಕ ವಿಮೆ, ಈ ಅವಕಾಶ ಬದುಕಿನಲ್ಲಿ ಒಂದೇ ಸಲ ಎಂಬ ಮಾತುಗಳ ನಂತರ, ನಾಳೆ ಏನಾದರೂ ಆದರೆ ಎಂಬ ಅರ್ಧ ವಾಕ್ಯ ಬರುತ್ತದೆ. ಅದನ್ನು ಪೂರ್ತಿ ಮಾಡುವ ಕೆಲಸವನ್ನು ಅಪ್ಪ ಅಮ್ಮನ ಭಯಕ್ಕೆ ಬಿಟ್ಟಿರುತ್ತಾರೆ.

ಪ್ರಶ್ನೆ ಹುಟ್ಟುವುದು ಇಲ್ಲಿ. ಕೊಡುವ ಶಕ್ತಿ ಇದ್ದೂ ಬೇಡವೆಂದರೆ ತಂದೆತಾಯಿ ತಮ್ಮ ಕರ್ತವ್ಯದಲ್ಲಿ ತಪ್ಪಿದಂತಾಗುತ್ತದೆಯೇ? ಉತ್ತರ ಹುಡುಕಬೇಕಾದರೆ ಆ ರಕ್ತದಲ್ಲಿ ಏನಿದೆ, ಅದು ಯಾರಿಗೆ ಒದಗುತ್ತದೆ ಎನ್ನುವುದನ್ನು ಮೊದಲು ನೋಡಬೇಕು.

ಹೊಕ್ಕುಳಬಳ್ಳಿಯ ರಕ್ತದಲ್ಲಿರುವುದು ಮುಖ್ಯವಾಗಿ ರಕ್ತವನ್ನು ಹುಟ್ಟಿಸುವ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು. ದೊಡ್ಡವರಲ್ಲಿ ಇವು ಮೂಳೆಯೊಳಗಿನ ಮಜ್ಜೆಯಲ್ಲಿ ಕೂತಿರುತ್ತವೆ. ಕೆಂಪು ಕಣ, ಬಿಳಿ ಕಣ, ಕಿರುಬಿಲ್ಲೆ ಎಲ್ಲವೂ ಇವುಗಳಿಂದಲೇ ಆಗುತ್ತವೆ. ಆದ್ದರಿಂದ ರಕ್ತದ ಕ್ಯಾನ್ಸರ್, ಥಲಸೇಮಿಯಾ, ಮಜ್ಜೆ ಬತ್ತಿಹೋಗುವ ಅಪ್ಲಾಸ್ಟಿಕ್ ಅನೀಮಿಯಾ, ಹುಟ್ಟಿನಿಂದಲೇ ರೋಗನಿರೋಧ ಶಕ್ತಿ ಇಲ್ಲದ ಸ್ಥಿತಿ, ಕೆಲವು ಆನುವಂಶಿಕ ಕಾಯಿಲೆಗಳು, ಇಂಥವುಗಳಲ್ಲಿ ರೋಗಿಯ ಕೆಟ್ಟ ಮಜ್ಜೆಯನ್ನು ಔಷಧಿಯಿಂದ ಖಾಲಿ ಮಾಡಿ, ಈ ಕೋಶಗಳನ್ನು ರಕ್ತ ಕೊಟ್ಟ ಹಾಗೆಯೇ ನರದ ಮೂಲಕ ಕೊಡುತ್ತಾರೆ. ಅವು ತಾವಾಗಿಯೇ ಮಜ್ಜೆಯನ್ನು ಸೇರಿ ಹೊಸ ರಕ್ತವನ್ನು ಕಟ್ಟತೊಡಗುತ್ತವೆ.

ಇದು ಮೊದಲು ನಡೆದದ್ದು 1988ರ ಅಕ್ಟೋಬರಿನಲ್ಲಿ, ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ. ಅಮೆರಿಕದ ಐದು ವರ್ಷದ ಹುಡುಗನೊಬ್ಬನಿಗೆ ಫ್ಯಾಂಕೋನಿ ಅನೀಮಿಯಾ ಎಂಬ ಆನುವಂಶಿಕ ರೋಗವಿತ್ತು. ತಾಯಿ ಮತ್ತೆ ಬಸಿರಾಗಿದ್ದಳು. ಹುಟ್ಟಲಿರುವ ಹೆಣ್ಣುಮಗುವಿಗೆ ರೋಗವಿಲ್ಲ, ಅಂಗಾಂಶದ ಗುಣಗಳು ಅಣ್ಣನಿಗೆ ಹೊಂದುತ್ತವೆ ಎಂದು ಗರ್ಭದಲ್ಲಿರುವಾಗಲೇ ಪರೀಕ್ಷೆಯಿಂದ ತಿಳಿದಿತ್ತು. ಅವಳ ಬಳ್ಳಿಯ ರಕ್ತವನ್ನು ಹಾಲ್ ಬ್ರಾಕ್ಸ್‌ಮೈಯರ್ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಶೀತಲೀಕರಿಸಿ ಪ್ಯಾರಿಸ್ಸಿಗೆ ಒಯ್ದರು. ವೈದ್ಯೆ ಎಲಿಯಾನ್ ಗ್ಲುಕ್‌ಮನ್ ಮತ್ತು ಅವರ ತಂಡ ಅದನ್ನು ಹುಡುಗನಿಗೆ ಕೊಟ್ಟಿತು. ಅವನು ಗುಣವಾಗಿ ಬೆಳೆದು ದೊಡ್ಡವನಾದ.

ಈ ಕತೆಯ ಒಂದು ವಿವರವನ್ನು ಕರಪತ್ರಗಳು ಒತ್ತಿ ಹೇಳುವುದಿಲ್ಲ. ಹುಡುಗನನ್ನು ಉಳಿಸಿದ್ದು ಅವನ ರಕ್ತವಲ್ಲ, ತಂಗಿಯದು. ಅವನ ಬಳ್ಳಿಯ ರಕ್ತವನ್ನೇ ಯಾರಾದರೂ ಎತ್ತಿಟ್ಟಿದ್ದರೆ ಅದು ಪ್ರಯೋಜನಕ್ಕೆ ಬರುತ್ತಿರಲಿಲ್ಲ, ಏಕೆಂದರೆ ರೋಗದ ಜೀನು ಅದರಲ್ಲೂ ಇತ್ತು. ಥಲಸೇಮಿಯಾಕ್ಕೂ ಇದೇ ಮಾತು. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿಯೂ ರೋಗಕ್ಕೆ ನಾಂದಿಯಾಗುವ ಜೀನು ಬದಲಾವಣೆ ಎಷ್ಟೋ ಸಲ ಹುಟ್ಟುವ ಮೊದಲೇ ಆಗಿರುತ್ತದೆ. ವರ್ಷಗಳ ನಂತರ ಕಾಯಿಲೆ ಬಿದ್ದ ಮಕ್ಕಳ ಹುಟ್ಟಿದ ದಿನಗಳ ರಕ್ತದ ಮಾದರಿಗಳಲ್ಲಿ ಅದು ಪತ್ತೆಯಾಗಿದೆ. ಅದೂ ಅಲ್ಲದೆ, ಬೇರೊಬ್ಬರ ಕೋಶಗಳು ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಪರಕೀಯವೆಂದು ಗುರುತಿಸಿ ಕೊಲ್ಲುತ್ತವೆ. ಸ್ವಂತ ಕೋಶಗಳಿಗೆ ಆ ಗುರುತು ಸಿಗುವುದಿಲ್ಲ. ಎಂಬತ್ತು ಕಾಯಿಲೆಗಳ ಪಟ್ಟಿ ಸುಳ್ಳಲ್ಲ, ಆದರೆ ಅದರಲ್ಲಿ ಬಹುಪಾಲಿಗೆ ಬೇಕಾಗುವುದು ಇನ್ನೊಬ್ಬರ ರಕ್ತ. ಸ್ವಂತ ಕೋಶ ನಡೆಯುವ ಕಾಯಿಲೆಗಳು ಕೆಲವೇ. ಅಲ್ಲಿಯೂ ಎಷ್ಟೋ ಸಲ ಬೇಕಾದಾಗ ರೋಗಿಯ ದೇಹದಿಂದಲೇ ಅವನ್ನು ತೆಗೆದುಕೊಳ್ಳಬಹುದು.

ವಿಮೆ ಎಂಬ ಮಾತು ಇಲ್ಲಿ ಸಡಿಲವಾಗುತ್ತದೆ. ಮನೆಗೆ ಬೆಂಕಿ ವಿಮೆ ಮಾಡಿಸಿ ಅದರ ಹಣವನ್ನು ಅದೇ ಮನೆಯ ಅಟ್ಟದಲ್ಲಿಟ್ಟಂತೆ ಇದು. ಮಗು ತನ್ನ ಬಳ್ಳಿಯ ರಕ್ತವನ್ನು ಮೊದಲ ಇಪ್ಪತ್ತು ವರ್ಷಗಳಲ್ಲಿ ತನಗಾಗಿಯೇ ಬಳಸುವ ಸಂಭವ 2,500ರಲ್ಲಿ ಒಂದರಿಂದ ಎರಡು ಲಕ್ಷದಲ್ಲಿ ಒಂದು ಎಂಬ ಅಂದಾಜು ವೈದ್ಯಕೀಯ ಸಾಹಿತ್ಯದಲ್ಲಿದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2018ರಲ್ಲಿ ಹೊರಡಿಸಿದ ಒಮ್ಮತದ ಹೇಳಿಕೆಯೂ ಖಾಸಗಿ ಸಂಗ್ರಹವನ್ನು ಜೈವಿಕ ವಿಮೆಯೆಂದು ಶಿಫಾರಸು ಮಾಡುವುದಿಲ್ಲ.

ಇನ್ನು ಪ್ರಮಾಣದ ಲೆಕ್ಕ. ಕಸಿಗೆ ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ ಎರಡೂವರೆ ಕೋಟಿ ಕೋಶಗಳು ಬೇಕು ಎನ್ನುವುದು ರೂಢಿಯ ಅಳತೆ. ಒಂದು ಹೆರಿಗೆಯಲ್ಲಿ 80 ಮಿಲಿಲೀಟರ್ ರಕ್ತ ಸಿಕ್ಕಿತೆಂದುಕೊಳ್ಳೋಣ. ಮಿಲಿಲೀಟರಿಗೆ ಸುಮಾರು ಒಂದು ಕೋಟಿಯಂತೆ 80 ಕೋಟಿ ಕೋಶಗಳಾದವು. 20 ಕಿಲೋ ತೂಕದ ಮಗುವಿಗೆ ಬೇಕಾದದ್ದು 50 ಕೋಟಿ, ಸಾಕಾಗುತ್ತದೆ. ಅದೇ ಮಗು ಬೆಳೆದು 60 ಕಿಲೋ ಆದಾಗ ಬೇಕಾಗುವುದು 150 ಕೋಟಿ, ಸಾಲದು. ಶುದ್ಧೀಕರಿಸುವಾಗ, ಹೆಪ್ಪುಗಟ್ಟಿಸುವಾಗ, ಕರಗಿಸುವಾಗ ಒಂದಿಷ್ಟು ಕೋಶಗಳು ನಷ್ಟವಾಗುವುದು ಬೇರೆ. ದಾನದ ರಕ್ತವನ್ನು ಎಲ್ಲರಿಗಾಗಿ ಇಡುವ ಸಾರ್ವಜನಿಕ ಬ್ಯಾಂಕುಗಳು ಕೋಶಗಳ ಎಣಿಕೆ ಕಡಿಮೆಯಾದ ಚೀಲಗಳನ್ನು ಇಟ್ಟುಕೊಳ್ಳುವುದೇ ಇಲ್ಲ, ಬಂದದ್ದರಲ್ಲಿ ಹೆಚ್ಚಿನವನ್ನು ಕೈಬಿಡುತ್ತವೆ. ಖಾಸಗಿ ಬ್ಯಾಂಕಿಗೆ ಹಾಗೆ ಬಿಡುವ ಒತ್ತಡವಿಲ್ಲ, ಅದರ ಗಿರಾಕಿ ಇಡುವುದಕ್ಕಾಗಿಯೇ ಹಣ ಕೊಟ್ಟಿದ್ದಾನೆ. ಈಗಾಗಲೇ ಇಟ್ಟವರು ಕೇಳಿ ನೋಡಬೇಕಾದ ಮೊದಲ ಕಾಗದ ಎಂದರೆ ಒಟ್ಟು ಕೋಶಗಳ ಸಂಖ್ಯೆಯ ವರದಿ.

ಈ 80 ಮಿಲಿಲೀಟರ್ ಎಲ್ಲಿಂದ ಬಂತು ಎಂಬ ಪ್ರಶ್ನೆ ಇದಕ್ಕಿಂತ ದೊಡ್ಡದು. ಬಿಸಾಡುವ ಕಸದಿಂದ ಚಿನ್ನ ತೆಗೆಯುತ್ತೇವೆ ಎನ್ನುವುದು ಮಾರುವವರ ಮಾತು. ಆದರೆ ಮಗು ಹೊರಬಂದ ಕ್ಷಣದಲ್ಲಿ ಆ ರಕ್ತ ಕಸವಾಗಿರುವುದಿಲ್ಲ. ಬಳ್ಳಿ ಇನ್ನೂ ಮಿಡಿಯುತ್ತಿರುತ್ತದೆ, ಮಾಸಿನಿಂದ ಮಗುವಿನ ಕಡೆಗೆ ರಕ್ತ ಹರಿಯುತ್ತಲೇ ಇರುತ್ತದೆ. ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದರೆ ಸುಮಾರು 80ರಿಂದ 100 ಮಿಲಿಲೀಟರ್ ರಕ್ತ ಮಗುವಿಗೆ ಸೇರುತ್ತದೆ. ಮೂರು ಕಿಲೋ ಕೂಸಿನ ಮೈಯಲ್ಲಿರುವ ಒಟ್ಟು ರಕ್ತವೇ ಕಾಲು ಲೀಟರಿನ ಆಸುಪಾಸು ಎಂದು ನೆನೆದರೆ ಇದೆಷ್ಟು ದೊಡ್ಡ ಪಾಲು ಎಂದು ತಿಳಿಯುತ್ತದೆ. ಅದರೊಳಗಿನ ಕಬ್ಬಿಣಾಂಶ ಮುಂದಿನ ಹಲವು ತಿಂಗಳು ಮಗುವನ್ನು ರಕ್ತಹೀನತೆಯಿಂದ ಕಾಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೀಗೆ ಕಾಯಬೇಕೆನ್ನುತ್ತದೆ, ನಮ್ಮ ಸರ್ಕಾರದ ರಕ್ತಹೀನತೆ ನಿವಾರಣಾ ಕಾರ್ಯಕ್ರಮದಲ್ಲೂ ಇದು ಸೇರಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿ ರಕ್ತಹೀನರು ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ ದೇಶ ಇದು.

ಕಾದರೆ ಚೀಲಕ್ಕೆ ಸಿಗುವುದು ಕಡಿಮೆ, ಚೀಲ ತುಂಬಬೇಕಾದರೆ ಬೇಗ ಕತ್ತರಿಸಬೇಕು. ನಾಳೆ ಬಾರದಿರಬಹುದಾದ ಕಾಯಿಲೆಗಾಗಿ ಇಂದು ಅದರ ಮೈ ಸೇರಬೇಕಾದ ರಕ್ತವನ್ನು ಬೇರೆಡೆ ಹರಿಸುವ ಅಧಿಕಾರ ನಮಗಿದೆಯೇ? ಮಗು ಒಪ್ಪಿಗೆ ಕೊಡಲಾರದು, ಅದರ ಪರವಾಗಿ ಒಪ್ಪುವವರು ನಾವು. ಹಾಗಿರುವಾಗ ಖಚಿತವಾದ ಲಾಭವನ್ನು ಮೊದಲು ಅದಕ್ಕೆ ಮುಟ್ಟಿಸಿ, ಉಳಿದದ್ದರ ಲೆಕ್ಕ ಆಮೇಲೆ ಮಾಡುವುದು ನ್ಯಾಯ. ಸಂಗ್ರಹಕ್ಕೆ ಒಪ್ಪಿದವರು ಕೂಡ ಬಳ್ಳಿಯನ್ನು ಎಷ್ಟು ಹೊತ್ತಿಗೆ ಕತ್ತರಿಸುತ್ತೀರಿ ಎಂದು ಡಾಕ್ಟರನ್ನು ಮೊದಲೇ ಕೇಳಿಕೊಳ್ಳಬೇಕು.

ಹಾಗಾದರೆ ಯಾರೂ ಇಡಬಾರದೇ? ಇಡಲೇಬೇಕಾದ ಮನೆಗಳೂ ಇವೆ. ಮುಂಬೈಯಲ್ಲಿ ನೆಲೆಸಿದ ಒಂದು ದಂಪತಿಯನ್ನು ಊಹಿಸಿಕೊಳ್ಳಿ: ಗಂಡ ಸಿಂಧಿ, ಹೆಂಡತಿ ಕನ್ನಡತಿ, ಇಬ್ಬರೂ ಥಲಸೇಮಿಯಾದ ವಾಹಕರು. ಅವರಿಗದು ಗೊತ್ತಿರಲಿಲ್ಲ, ವಾಹಕರಿಗೆ ತೊಂದರೆ ಕಾಣುವುದಿಲ್ಲ. ಮೊದಲ ಮಗುವಿಗೆ ರೋಗ ಬಂದು ತಿಂಗಳು ತಿಂಗಳು ರಕ್ತ ಹಾಕಿಸಬೇಕಾಗಿದೆ. ಈಗ ಎರಡನೆಯದು ಬರಲಿದೆ. ಅದು ರೋಗವಿಲ್ಲದೆ ಹುಟ್ಟುವ ಸಂಭವ ನಾಲ್ಕರಲ್ಲಿ ಮೂರು, ಅಂಗಾಂಶ ಮೊದಲನೆಯದಕ್ಕೆ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಎರಡೂ ಕೂಡಿಬರುವ ಸಂಭವ ಹದಿನಾರರಲ್ಲಿ ಮೂರು. ಲಕ್ಷದ ಲೆಕ್ಕದಿಂದ ಹದಿನಾರರ ಲೆಕ್ಕಕ್ಕೆ ಬಂದೆವು, ಎದುರಿಗೆ ಕಾಯಿಲೆಯ ಮಗು ಇದೆ. ಇಲ್ಲಿ ಸಂಗ್ರಹ ಬರಿಯ ಊಹೆಗಾಗಿ ಅಲ್ಲ, ಚಿಕಿತ್ಸೆಯ ಭಾಗ. ಹೆರಿಗೆಗೆ ಬಹಳ ಮುಂಚೆಯೇ ರಕ್ತರೋಗ ತಜ್ಞರೊಡನೆ ಕೂತು ಯೋಜಿಸಬೇಕಾದದ್ದು. ಅಲ್ಲಿಯೂ ಒಂದು ಸಮಾಧಾನವಿದೆ: ರಕ್ತ ಇಡಲಾಗದೇ ಹೋದರೂ ಹೊಂದುವ ತಮ್ಮನೋ ತಂಗಿಯೋ ಬೆಳೆಯುತ್ತಿರುತ್ತಾರೆ, ಮುಂದೆ ಅವರ ಮಜ್ಜೆಯಿಂದಲೂ ಕಸಿ ಮಾಡಬಹುದು.

ಇದೇ ಮನೆಯನ್ನು ನೋಡಿದರೆ ಹಣ ಎಲ್ಲಿ ಹಾಕಬೇಕಿತ್ತು ಎನ್ನುವುದೂ ಗೊತ್ತಾಗುತ್ತದೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಾಡಿಸುವ ಎಚ್‌ಬಿ ಎ2 ಎಂಬ ಹಿಮೋಗ್ಲೋಬಿನ್ ಪರೀಕ್ಷೆ ವಾಹಕರನ್ನು ಗುರುತಿಸುತ್ತದೆ. ತಾಯಿ ವಾಹಕಳಾದರೆ ತಂದೆಯದನ್ನೂ ನೋಡಬೇಕು. ಬ್ಯಾಂಕಿನ ಖರ್ಚಿನ ಮುಂದೆ ಇದು ಚಿಲ್ಲರೆ ಕಾಸು.

ಈಗ ಕೆಲವು ಕಡೆ ಸಮುದಾಯ ಬ್ಯಾಂಕ್ ಎಂಬ ಯೋಜನೆ ಬಂದಿದೆ. ಹಣ ಕಟ್ಟಿದ ಸದಸ್ಯರೆಲ್ಲ ತಮ್ಮ ಚೀಲಗಳನ್ನು ಒಟ್ಟಿಗೆ ಸೇರಿಸಿ, ಯಾರಿಗೆ ಬೇಕಾದರೂ ಹೊಂದುವ ಚೀಲವನ್ನು ಪಡೆಯಬಹುದು ಎಂಬ ಏರ್ಪಾಡು. ತರ್ಕ ಮೊದಲಿನದಕ್ಕಿಂತ ಗಟ್ಟಿ. ಆದರೆ ನಿಮ್ಮ ಮಗುವಿಗೆ ಬೇಕಾಗುವುದು ಇನ್ನೊಂದು ಮಗುವಿನ ರಕ್ತ ಎಂದು ಈ ಯೋಜನೆಯೇ ಒಪ್ಪಿಕೊಂಡಂತಾಯಿತು. ಒಮ್ಮೆ ಅದನ್ನು ಒಪ್ಪಿದ ಮೇಲೆ, ಹಂಚಿಕೊಳ್ಳುವವರ ಸುತ್ತ ಹಣ ಕಟ್ಟಿದವರದೇ ಬೇಲಿ ಏಕೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಬೇಲಿಯಾಚೆ ಇರುವ ಮಗುವಿಗೂ ಅದೇ ಕಾಯಿಲೆ ಬರುತ್ತದೆ.

ಅಂಗಾಂಶದ ಗುಣಗಳು ವಂಶದಿಂದ ಬರುವಂಥವು, ಒಂದೇ ಮೂಲದ ಜನರಲ್ಲಿ ಹೊಂದಿಕೆ ಸಿಗುವ ಸಾಧ್ಯತೆ ಹೆಚ್ಚು. ದೆಹಲಿಯಲ್ಲೋ ಥಾಣೆಯಲ್ಲೋ ಹುಟ್ಟಿದ ಕನ್ನಡದ ಮಗುವಿಗೆ ಹೊಂದುವವರು ಕುಂದಾಪುರದಲ್ಲೋ ಕಲಬುರಗಿಯಲ್ಲೋ ಇರಬಹುದು. ಆ ಹುಡುಕಾಟಕ್ಕೆ ಇಂದು ಬಳ್ಳಿಯ ರಕ್ತವೇ ಬೇಕೆಂದಿಲ್ಲ. ಅಪ್ಪ ಅಮ್ಮನ ಅರ್ಧ ಹೊಂದುವ ಕೋಶಗಳಿಂದಲೂ ಈಗ ಕಸಿ ಮಾಡುತ್ತಾರೆ, ದೊಡ್ಡವರ ದಾನಿಪಟ್ಟಿಗಳೂ ಇವೆ. ಚೆನ್ನೈಯ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಥ ಪಟ್ಟಿಗಳನ್ನು ನಡೆಸುತ್ತವೆ. ಸೇರುವುದಕ್ಕೆ ಕೆನ್ನೆಯ ಒಳಗಿನಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿ ಸಾಕು. ಹೊಂದಿಕೆ ಬಂದಾಗ ಸಾಮಾನ್ಯವಾಗಿ ತೋಳಿನ ರಕ್ತದಿಂದಲೇ ಕೋಶಗಳನ್ನು ಬೇರ್ಪಡಿಸಿಕೊಳ್ಳುತ್ತಾರೆ.

ನಮ್ಮ ಕೆಲವು ಮನೆಗಳಲ್ಲಿ ಒಣಗಿ ಬಿದ್ದ ಹೊಕ್ಕುಳಬಳ್ಳಿಯ ತುಣುಕನ್ನು ಬೆಳ್ಳಿಯ ತಾಯಿತದಲ್ಲಿಟ್ಟು ಮಗುವಿಗೆ ಕಟ್ಟುವ ರೂಢಿಯಿದೆ. ಅದು ರೋಗ ತಡೆಯುತ್ತದೆಂದು ಯಾರೂ ರಸೀದಿ ಕೊಡುವುದಿಲ್ಲ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿಟ್ಟ ಚೀಲಕ್ಕೆ ರಸೀದಿಯಿದೆ, ಬಾರ್‌ಕೋಡ್ ಇದೆ. ಮನೆಯಲ್ಲಿ ರೋಗದ ಕಾರಣವಿಲ್ಲದವರ ಪಾಲಿಗೆ ಅದರ ಕೆಲಸ ತಾಯಿತದ ಕೆಲಸಕ್ಕಿಂತ ಹೆಚ್ಚೇನಲ್ಲ. ಮನಸ್ಸಿನ ನೆಮ್ಮದಿಗೆ ಅಷ್ಟು ಹಣ ಕೊಡುವವರನ್ನು ನಾನು ಹಳಿಯಲಾರೆ. ಆದರೆ ಕೊಡಲಾಗದವರೂ ಕೊಡದವರೂ ಮಗುವಿಗೆ ಏನೋ ತಪ್ಪಿಸಿದೆವೆಂದು ಕೊರಗುವುದಕ್ಕೆ ಕಾರಣ ಕಾಣುವುದಿಲ್ಲ. ಬಳ್ಳಿ ಮಿಡಿಯುವುದು ನಿಲ್ಲುವವರೆಗೆ ಆ ಮೂರು ನಿಮಿಷ ಕಾದವರು, ಆ ರಕ್ತವನ್ನು ಅದರ ಒಡೆಯನಿಗೇ ಒಪ್ಪಿಸಿದ್ದಾರೆ.