ತಕ್ಕಡಿ ಹಿಡಿದವರ ಕೈ

ಎರಡು ವಸ್ತುಗಳನ್ನು ಹೋಲಿಸಿ 'ಇದು ಉತ್ತಮ' ಎನ್ನುವಾಗ ನಾವು ವಸ್ತುಗಳಿಗಿಂತ ಮೊದಲು ಇನ್ನೊಂದನ್ನು ಆರಿಸಿಕೊಂಡಿರುತ್ತೇವೆ. ಅದು ಅಳತೆಗೋಲು. ಬಹಳ ಸಲ ತೀರ್ಪು ಅಲ್ಲಿಯೇ ಮುಗಿದುಹೋಗಿರುತ್ತದೆ, ಉಳಿದದ್ದು ಅಲಂಕಾರ. ಸಂಶೋಧನೆಯಲ್ಲಿ ಇದರ ಬಗ್ಗೆ ಪುಟಗಟ್ಟಲೆ ಓದಿದ್ದ ನನಗೆ ಇದು ಕೈಗೆ ತಾಗಿ ತಿಳಿದದ್ದು ಖಾರದಪುಡಿಯಿಂದ.

ಲಕ್ಷ್ಮೇಶ್ವರದಲ್ಲಿರುವ ನನ್ನ ಗೆಳತಿಯ ಅಕ್ಕ ಬ್ಯಾಡಗಿ ಮೆಣಸಿನಕಾಯಿ ಕೊಂಡು, ತೊಟ್ಟು ಮುರಿದು, ಒಣಗಿಸಿ, ಗಿರಣಿಯಲ್ಲಿ ಬೀಸಿಸಿ ಮಾರುತ್ತಾರೆ. ಅವರ ಪುಡಿಯನ್ನು ಅಂಗಡಿಯ ಪ್ಯಾಕೆಟ್ಟುಗಳ ಜೊತೆ ಹೋಲಿಸಿ ಇನ್‌ಸ್ಟಾಗ್ರಾಮಿಗೆ ಒಂದು ಕ್ಯಾರೊಸೆಲ್ ಬರೆದುಕೊಡಲು ಕೇಳಿದರು. ಬೆರಳಿನಿಂದ ಸರಿಸುತ್ತ ಓದುವ ಎಂಟು ಸ್ಲೈಡುಗಳು, ಒಂದೊಂದರಲ್ಲಿ ಇಪ್ಪತ್ತು ಮೂವತ್ತು ಪದ. ನಾನು ಒಪ್ಪಿದೆ.

ಮೊದಲ ಸ್ಲೈಡಿನಲ್ಲಿಯೇ ತೊಡಕು ಶುರುವಾಯಿತು. 'ಯಾವ ಖಾರದಪುಡಿ ಒಳ್ಳೆಯದು?' ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಕಡುಗೆಂಪು ಬಣ್ಣಕ್ಕೆ. ಅದರ ಖಾರ ಸೌಮ್ಯ. ಗುಂಟೂರಿನ ಕಾಯಿ ಹೆಸರಾದದ್ದು ಖಾರಕ್ಕೆ. ವ್ಯಾಪಾರಿಗಳೂ ಬಣ್ಣವನ್ನು ಒಂದು ಮಾನದಲ್ಲಿ, ಖಾರವನ್ನು ಇನ್ನೊಂದರಲ್ಲಿ ಅಳೆಯುತ್ತಾರೆ. ಒಂದು ಏರಿದರೆ ಇನ್ನೊಂದು ಏರಬೇಕೆಂದಿಲ್ಲ. ಹಾಗಾಗಿ ಪ್ರಶ್ನೆಯನ್ನು ಬದಲಿಸಿದೆ: 'ಮನೆಯ ದಿನದ ಸಾರು, ಪಲ್ಯಕ್ಕೆ ಯಾವ ಖಾರದಪುಡಿ?' ಯಾರಿಗೆ, ಯಾವುದಕ್ಕೆ ಎಂದು ಹೇಳದ ಹೋಲಿಕೆ ಹೋಲಿಕೆಯಲ್ಲ.

ಎರಡನೆಯ ಸ್ಲೈಡು ನನ್ನ ಬಗ್ಗೆ. ಮೂರು ಪುಡಿಗಳಲ್ಲಿ ಎರಡನ್ನು ದುಡ್ಡು ಕೊಟ್ಟು ಕೊಂಡಿದ್ದೇನೆ, ಮೂರನೆಯದನ್ನು ಮಾಡಿದವರು ನನ್ನ ಪರಿಚಯದವರು, ಅದು ಪುಕ್ಕಟೆ ಬಂದದ್ದು ಎಂದು ಬರೆದೆ. ದಾರಿ ತಪ್ಪಿಸುವ ಜಾಹೀರಾತುಗಳ ಕುರಿತು 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಇಂಥ ಸಂಬಂಧಗಳನ್ನು ತಿಳಿಸಬೇಕು ಎನ್ನುತ್ತದೆ. ಕಾನೂನು ಇರಲಿ ಬಿಡಲಿ, ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಓದುಗರಿಗೂ ಗೊತ್ತು. ಹೆಗ್ಗಣ ಯಾರದೆಂದು ಹೇಳಿಬಿಟ್ಟರೆ ನನ್ನ ಮಾತನ್ನು ಎಷ್ಟು ಕಳೆದು ಓದಬೇಕೆಂದು ಅವರೇ ನಿರ್ಧರಿಸುತ್ತಾರೆ. ಈ ಮಾತು ಕೊನೆಯ ಸ್ಲೈಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬಂದರೆ ಅದು ಮುಚ್ಚಿಟ್ಟದ್ದಕ್ಕೆ ಸಮ.

ಮೂರನೆಯದು ಮಾನದಂಡಗಳು: ಬಣ್ಣ, ಖಾರ, ಕಲಬೆರಕೆ, ಖರ್ಚು. ಇವನ್ನು ಪ್ಯಾಕೆಟ್ಟು ಒಡೆಯುವ ಮೊದಲೇ ಬರೆದಿಟ್ಟೆ. ಫಲಿತಾಂಶ ನೋಡಿದ ಮೇಲೆ ಮಾನದಂಡ ಸೇರಿಸುವವರಿಗೆ ಗೆಲ್ಲಿಸಬೇಕಾದವರನ್ನು ಗೆಲ್ಲಿಸಲು ದಾರಿ ಯಾವಾಗಲೂ ಸಿಗುತ್ತದೆ. ಮುಂದಿನ ಸ್ಲೈಡುಗಳನ್ನು ವಸ್ತುವಿಗೊಂದರಂತೆ ಬರೆಯದೆ ಮಾನದಂಡಗಳ ಪ್ರಕಾರ ಬರೆದದ್ದೂ ಇದೇ ಕಾರಣಕ್ಕೆ. ವಸ್ತುವಿಗೊಂದು ಸ್ಲೈಡು ಕೊಟ್ಟರೆ ಇಷ್ಟದ್ದರ ಗುಣವನ್ನೂ ಇಷ್ಟವಿಲ್ಲದ್ದರ ದೋಷವನ್ನೂ ಬರೆದು ಪಾರಾಗಬಹುದು. ಬಣ್ಣದ ಸ್ಲೈಡಿನಲ್ಲಿ ಮೂರೂ ಪುಡಿಗಳು ಪಕ್ಕಪಕ್ಕ ನಿಂತರೆ ಹಾಗೆ ಜಾರಲು ಬರುವುದಿಲ್ಲ.

ಪರೀಕ್ಷೆಯ ದಿನ ಗೆಳತಿಯ ತಾಯಿ ಮೂರನ್ನೂ ಬಟ್ಟಲಿಗೆ ಸುರಿದು ಕ, ಖ, ಗ ಎಂದು ಚೀಟಿ ಹಚ್ಚಿದರು. ಯಾವುದು ಯಾವುದೆಂದು ಅವರೊಬ್ಬರಿಗೇ ಗೊತ್ತು. ಮೆಣಸಿನ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಆದ್ದರಿಂದ 50 ಮಿಲೀ ಬೆಚ್ಚಗಿನ ಎಣ್ಣೆಗೆ 5 ಗ್ರಾಂ 'ಕ' ಹಾಕಿ, ಹತ್ತು ನಿಮಿಷ ಬಿಟ್ಟು, ಬಿಳಿ ತಟ್ಟೆಯ ಮೇಲೆ ಒಂದು ಹನಿ ಇಟ್ಟೆವು. ಅದೇ ಬಣ್ಣ ಬರಲು ಉಳಿದವು ಎಷ್ಟೆಷ್ಟು ಬೇಕೆಂದು ನೋಡಿದೆವು. 'ಖ' 6 ಗ್ರಾಂ ಬೇಕಾಯಿತು, 'ಗ' 15 ಗ್ರಾಂ. ಖಾರಕ್ಕೆ ತೊಗರಿಬೇಳೆಯ ಕಟ್ಟಿನಲ್ಲಿ ಐವರು ರುಚಿ ನೋಡಿದರು, ನಡುನಡುವೆ ಮೊಸರನ್ನ ತಿಂದು, ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ. 5 ಗ್ರಾಂ 'ಕ' ಕೊಡುವ ಖಾರವನ್ನು 'ಗ' 2 ಗ್ರಾಂನಲ್ಲೇ ಕೊಟ್ಟಿತು. 'ಕ', 'ಖ' ನಡುವೆ ವ್ಯತ್ಯಾಸ ಯಾರಿಗೂ ತಿಳಿಯಲಿಲ್ಲ.

ಚೀಟಿ ಬಿಚ್ಚಿದಾಗ 'ಕ' ಅಕ್ಕನದು, 'ಖ' ಬ್ಯಾಡಗಿ ಎಂದು ಬರೆದಿದ್ದ ಪ್ಯಾಕೆಟ್ಟು, 'ಗ' ಖಾರದ ಪ್ಯಾಕೆಟ್ಟು. ಕಿಲೋಗೆ ಬೆಲೆ ಕ್ರಮವಾಗಿ 600, 500, 350 ರೂಪಾಯಿ. ಕಿಲೋ ಲೆಕ್ಕದಲ್ಲಿ 'ಗ' ಅಗ್ಗ. ಆದರೆ ಅಡಿಗೆಗೆ ಬೀಳುವುದು ಕಿಲೋ ಅಲ್ಲ, ಚಮಚ. ಒಂದೇ ಬಣ್ಣ ಬರಿಸಲು 'ಕ' ಮತ್ತು 'ಖ' ತಲಾ 3 ರೂಪಾಯಿ, 'ಗ' 5 ರೂಪಾಯಿ 25 ಪೈಸೆ. ಅಷ್ಟು 'ಗ' ಹಾಕಿದ ಸಾರನ್ನು ಉಣ್ಣಲೂ ಆಗದು. ಒಂದೇ ಖಾರ ಬರಿಸಲು 'ಕ' 3 ರೂಪಾಯಿ, 'ಗ' ಬರೀ 70 ಪೈಸೆ. ಅದೇ ಪುಡಿ, ಅದೇ ಬೆಲೆ. ಅಳತೆಗೋಲು ಬದಲಾದೊಡನೆ ಗೆದ್ದವರು ಬದಲಾದರು.

ಕಲಬೆರಕೆಯ ಸ್ಲೈಡಿನಲ್ಲಿ ಒಂದು ಪದಕ್ಕಾಗಿ ಬಹಳ ಹೊತ್ತು ಕೂತೆ. ಗಾಜಿನ ಲೋಟದ ನೀರಿನ ಮೇಲೆ ಪುಡಿ ಉದುರಿಸಿದರೆ ನೀರಿನಲ್ಲಿ ಕರಗುವ ಕೃತಕ ಬಣ್ಣ ಗೆರೆಗೆರೆಯಾಗಿ ಕೆಳಗಿಳಿಯುತ್ತದೆ. ತಳದಲ್ಲಿ ಉಳಿದದ್ದನ್ನು ಬೆರಳಲ್ಲಿ ತಿಕ್ಕಿದಾಗ ಗರಗರ ಎಂದರೆ ಇಟ್ಟಿಗೆ ಪುಡಿಯನ್ನೋ ಮರಳನ್ನೋ ಶಂಕಿಸಬೇಕು. ಮೂರರಲ್ಲೂ ಏನೂ ಕಾಣಲಿಲ್ಲ. 'ಮೂರೂ ಶುದ್ಧ' ಎಂದು ಬರೆಯಬಹುದೆ? ಬಾರದು. ಸುಡಾನ್ ಎಂಬ ನಿಷಿದ್ಧ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ನೀರಿನ ಪರೀಕ್ಷೆಗೆ ಸಿಗುವುದಿಲ್ಲ. 2005ರಲ್ಲಿ ಬ್ರಿಟನ್ನಿನಲ್ಲಿ ಅದು ಸೇರಿದ ಮೆಣಸಿನ ಪುಡಿಯಿಂದಾಗಿ ನೂರಾರು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಬೇಕಾಯಿತು. ಅದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು. ಆದ್ದರಿಂದ 'ನೀರಿನ ಪರೀಕ್ಷೆಯಲ್ಲಿ ಕಲಬೆರಕೆ ಕಾಣಲಿಲ್ಲ. ಎಣ್ಣೆಯಲ್ಲಿ ಕರಗುವ ಬಣ್ಣಕ್ಕಾಗಿ ಪರೀಕ್ಷಿಸಿಲ್ಲ' ಎಂದು ಬರೆದೆ. ಕಾಣಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ನಡುವಿನ ಅಂತರ ಒಂದು ಪದದ್ದು. ಪ್ರಾಮಾಣಿಕತೆ ಇರುವುದು ಆ ಅಂತರದಲ್ಲಿ.

ಕರಡು ಓದಿದ ಅಕ್ಕನ ಮುಖ ಸಣ್ಣದಾಯಿತು. "ನಮ್ಮದ ಛಲೋ ಐತಿ ಅಂತ ಒಂದ ಮಾತ ಹಾಕಿದ್ರ ನಿನಗೇನ ಹೋಗತಿತ್ತ ತಂಗಿ? ಅವರ ಕಡೆ ಟೀವಿ ಐತಿ. ನನ್ನ ಕಡೆ ನೀ ಒಬ್ಬಾಕಿ ಇದ್ದಿ."

ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಒಂದು ತಟ್ಟೆ ಮೊದಲೇ ವಾಲಿರುವಾಗ ತಕ್ಕಡಿಯನ್ನು ಅಲುಗಾಡದೆ ಹಿಡಿಯುವುದು ನ್ಯಾಯವೆ? ದೊಡ್ಡ ಕಂಪನಿಯ ಜಾಹೀರಾತು ನಾನು ಬರೆದಿಟ್ಟ ಮಾನದಂಡಗಳನ್ನು ಎಂದೂ ಪಾಲಿಸಿಲ್ಲ. ಪಾಲಿಸುವ ಭಾರ ಅಕ್ಕನ ಮೇಲೇ ಏಕೆ? ನನಗೆ ತೋಚಿದ್ದು ಇಷ್ಟು. ದುರ್ಬಲರ ಕಡೆ ವಾಲುವುದು ತಪ್ಪಲ್ಲ. ಆ ವಾಲುವಿಕೆಯನ್ನು ಬಣ್ಣದ ಅಂಕದಲ್ಲೋ ರುಚಿಯ ಅಂಕದಲ್ಲೋ ಬಚ್ಚಿಡುವುದು ತಪ್ಪು. 'ನನ್ನ ದುಡ್ಡು ಲಕ್ಷ್ಮೇಶ್ವರದಲ್ಲೇ ಉಳಿಯಬೇಕು' ಎಂಬುದು ಕೊಳ್ಳುವವರಿಗೆ ಒಂದು ನಿಜವಾದ ಕಾರಣ. ಆದರೆ ಅದು ಪುಡಿಯ ಗುಣವಲ್ಲ, ಕೊಳ್ಳುವವರ ಆಯ್ಕೆ. ಅದಕ್ಕೆ ಬೇರೆ ಸಾಲು ಬೇಕು, ಅದರ ಹೆಸರಿನಲ್ಲೇ. ರುಚಿಯ ವೇಷದಲ್ಲಿ ಬಂದರೆ ಓದುಗರ ಆಯ್ಕೆಯನ್ನು ನಾನು ಕದ್ದಂತೆ.

ಏಳನೆಯ ಸ್ಲೈಡು ನಾವು ನೋಡದೇ ಬಿಟ್ಟದ್ದು: ಒಂದೊಂದು ಪ್ಯಾಕೆಟ್ಟಷ್ಟೇ ನೋಡಿದ್ದೇವೆ, ಆರು ತಿಂಗಳ ನಂತರ ಬಣ್ಣ ಎಷ್ಟು ಉಳಿಯುತ್ತದೆಂದು ನೋಡಿಲ್ಲ. ಎಂಟನೆಯದು ತೀರ್ಪು. ಅದರಲ್ಲಿ ಕಿರೀಟವಿಲ್ಲ, ಐದಕ್ಕೆ ಇಷ್ಟು ಎಂಬ ನಕ್ಷತ್ರಗಳೂ ಇಲ್ಲ, ಏಕೆಂದರೆ ಬಣ್ಣವನ್ನೂ ಖಾರವನ್ನೂ ಕೂಡಿಸಿ ಒಂದು ಅಂಕೆ ಮಾಡುವಾಗ ಯಾವುದಕ್ಕೆ ಎಷ್ಟು ತೂಕವೆಂದು ನಾನೇ ಗುಟ್ಟಾಗಿ ನಿರ್ಧರಿಸಿರುತ್ತೇನೆ. ಅಲ್ಲಿರುವುದು ನಾಲ್ಕು ಸಾಲು:

ಖಾರವೇ ಮುಖ್ಯವಾದರೆ 'ಗ', ಖರ್ಚೂ ಕಡಿಮೆ.
ಬಣ್ಣ ಬೇಕು, ಖಾರ ಹಿತವಾಗಿರಬೇಕು ಎಂದರೆ 'ಕ' ಅಥವಾ 'ಖ'.
ಇವೆರಡರ ನಡುವೆ ಖರ್ಚಿನಲ್ಲಾಗಲಿ ರುಚಿಯಲ್ಲಾಗಲಿ ನಮಗೆ ವ್ಯತ್ಯಾಸ ಸಿಗಲಿಲ್ಲ.
'ಕ' ಮಾಡುವವರು ಲಕ್ಷ್ಮೇಶ್ವರದವರು. ಅದು ನಿಮಗೆ ಮುಖ್ಯವಾದರೆ ಅದನ್ನೇ ಕೊಳ್ಳಿ.

ಅಕ್ಕ ಅದನ್ನೇ ಹಾಕಿದರು, ಒಂದು ಪದವನ್ನೂ ತಿದ್ದದೆ. ನ್ಯಾಯವಾದ ತೀರ್ಪಿನ ಗುರುತು ಎಲ್ಲರೂ ಅದನ್ನು ಒಪ್ಪುವುದಲ್ಲ. ಒಪ್ಪದವರಿಗೆ ಬೇಕಾದ ಸಾಮಗ್ರಿಯೂ ಅದರೊಳಗೇ ಸಿಗುವುದು. ಬಾಣಂತಿಯ ಅಡಿಗೆ ಮಾಡುವ ಮನೆಯವರು, ಖಾನಾವಳಿ ನಡೆಸುವವರು ಅದೇ ಎಂಟು ಸ್ಲೈಡು ಓದಿ ಬೇರೆ ಬೇರೆ ಪುಡಿ ಕೊಂಡರೆ ಆ ಹೋಲಿಕೆ ತನ್ನ ಕೆಲಸ ಮಾಡಿದಂತೆ.