ಅಜ್ಜಿ ಕರೆಯುತ್ತಾಳೆ



ವರ್ಡ್ಸ್‌ವರ್ತ್‌ನ ‘ಡ್ಯಾಫೋಡಿಲ್ಸ್’ ಪದ್ಯವನ್ನು ನಿಮ್ಮಲ್ಲಿ ಹಲವರು ಶಾಲೆಯಲ್ಲಿ ಓದಿರುತ್ತೀರಿ. 1802ರ ಏಪ್ರಿಲ್‌ನಲ್ಲಿ ತಂಗಿ ಡೊರೊತಿಯ ಜೊತೆ ನಡೆದು ಹೋಗುವಾಗ ಕಂಡ ಹೂಗಳವು. (ಪದ್ಯದಲ್ಲಿ ಮಾತ್ರ ತಂಗಿಯ ಸುಳಿವೇ ಇಲ್ಲ!) ಮೊದಲ ಮೂರು ಚರಣಗಳಲ್ಲಿ ಆ ದಿನದ ಕಥೆ ಭೂತಕಾಲದಲ್ಲಿದೆ: ಅಲೆದೆ, ಕಂಡೆ. ನಾಲ್ಕನೆಯದರಲ್ಲಿ ಕವಿ ಮನೆಯಲ್ಲಿ ಸುಮ್ಮನೆ ಒರಗಿರುತ್ತಾನೆ, ಕ್ರಿಯಾಪದಗಳು ವರ್ತಮಾನಕ್ಕೆ ಬರುತ್ತವೆ. ‘ನೆನೆಯುತ್ತೇನೆ’ ಎಂದು ಅವನು ಹೇಳುವುದಿಲ್ಲ. ಹೂಗಳೇ ಕರ್ತೃ, ಅವೇ ಒಳಗಣ್ಣಿಗೆ ಹೊಳೆಯುತ್ತವೆ. ಇದನ್ನು ಕನ್ನಡದಲ್ಲಿ ‘ಹೊಳೆಯುತ್ತಿವೆ’ ಎಂದರೆ ತಪ್ಪಾಗುತ್ತದೆ, ಏಕೆಂದರೆ ಅದು ಆಗಾಗ, ಮತ್ತೆ ಮತ್ತೆ ಆಗುವಂಥದ್ದು. ಆ ಏಪ್ರಿಲ್ ಮರಳಿ ಬಂದಿಲ್ಲ. ನೆನಪು ಪ್ರತಿಸಲವೂ ಇವತ್ತೇ ಹುಟ್ಟುತ್ತದೆ.

ಹಿಂದೊಮ್ಮೆ ವಿದ್ಯಾರ್ಥಿನಿಯೊಬ್ಬಳು ತೀರಿಹೋದ ಅಜ್ಜಿಯ ಬಗ್ಗೆ ಪ್ರಬಂಧ ಬರೆದಿದ್ದಳು. ಎಲ್ಲವೂ ಭೂತಕಾಲ, ಕೊನೆಗೆ ಮಾತ್ರ ‘ಸಂಜೆಯಾದರೆ ಅಜ್ಜಿ ಕರೆಯುತ್ತಾಳೆ’ ಎಂದಿತ್ತು. ನಾನು ಕೆಂಪು ಶಾಯಿಯಲ್ಲಿ ‘ಕರೆಯುತ್ತಿದ್ದಳು’ ಎಂದು ತಿದ್ದಿದೆ. ಅವಳು ಮಾತಾಡದೆ ಪುಸ್ತಕ ತೆಗೆದುಕೊಂಡು ಹೋದಳು. ವ್ಯಾಕರಣವೇನೋ ನನ್ನ ಕಡೆಗಿತ್ತು. ಆದರೆ ನಾನು ತಿದ್ದಿದ ವಾಕ್ಯ ಅಜ್ಜಿಯ ಬಗ್ಗೆ. ಅವಳು ಬರೆದದ್ದು ಸಂಜೆಯ ಹೊತ್ತಿಗೆ ತನಗೆ ಏನಾಗುತ್ತದೆ ಎಂಬುದರ ಬಗ್ಗೆ.